ಫ್ರೆಂಚ್ ಶುಭಾಶಯ ಪತ್ರಕ್ಕೆ ಗಾದೆಯನ್ನು ಆರಿಸುವುದು

ಪ್ರಶ್ನೆ: ಫ್ರೆಂಚ್ ಗೆಳತಿಯ ಮದುವೆಯ ಶುಭಾಶಯ ಪತ್ರದಲ್ಲಿ ಅವರದೇ ಭಾಷೆಯ ಗಾದೆಯೊಂದನ್ನು ತಪ್ಪಾಗದಂತೆ ಬರೆಯುವುದು ಹೇಗೆ?

ಗಾದೆಯ ಅರ್ಥಕ್ಕಿಂತ ಮೊದಲು, ಅದನ್ನು ಯಾರು, ಯಾವ ಸಂದರ್ಭದಲ್ಲಿ ಹೇಳುತ್ತಾರೆ ಎಂಬುದನ್ನು ನೋಡಿ ಆರಿಸಿ. ಗಾದೆಯ ಮಾತು ಸಾಮಾನ್ಯವಾಗಿ ಯಾವುದೋ ಪರಿಸ್ಥಿತಿಗೆ ಕೊಡುವ ಪ್ರತಿಕ್ರಿಯೆಯಾಗಿರುತ್ತದೆ. ಆ ಪರಿಸ್ಥಿತಿಯೇ ಇಲ್ಲದಿದ್ದಾಗ ಒಳ್ಳೆಯ ಅರ್ಥದ ಮಾತೂ ವಿಚಿತ್ರವಾಗಿ ಕೇಳಿಸುತ್ತದೆ.

ಮದುವೆಗೆಂದು ಹುಡುಕುವವರಿಗೆ ಬೇಗ ಸಿಗುವ ಗಾದೆ 'ಮಾರ್ಯಾಜ್ ಪ್ಲುವ್ಯೋ, ಮಾರ್ಯಾಜ್ ಒರೊ', ಅಂದರೆ ಮಳೆ ಬಂದ ಮದುವೆ ಸುಖದ ಮದುವೆ. ಇದರಲ್ಲಿ ಮದುವೆಯೂ ಇದೆ, ಸುಖವೂ ಇದೆ. ಆದರೆ ಫ್ರೆಂಚರು ಇದನ್ನು ಹೇಳುವುದು ಮದುವೆಯ ದಿನ ಮಳೆ ಸುರಿದು ವಧೂವರರು ಬೇಸರಗೊಂಡಾಗ, ಅವರನ್ನು ಸಮಾಧಾನಪಡಿಸಲು. ಮುಂಚಿತವಾಗಿ ಕಳುಹಿಸುವ ಪತ್ರದಲ್ಲಿ ಇದನ್ನು ಬರೆದರೆ ಅವರ ದಿನಕ್ಕೆ ಮಳೆಯನ್ನೇ ಹಾರೈಸಿದಂತಾಗುತ್ತದೆ. ನಿಜವಾಗಿಯೂ ಮಳೆ ಬಂದು, ಮದುವೆಯ ನಂತರ ನೀವು ಬರೆಯುವುದಾದರೆ ಇದಕ್ಕಿಂತ ಆತ್ಮೀಯವಾದ ಸಾಲು ಸಿಗುವುದು ಕಷ್ಟ.

ಪರೀಕ್ಷಿಸಲು ಫ್ರೆಂಚ್-ಫ್ರೆಂಚ್ ನಿಘಂಟನ್ನೇ ತೆರೆಯಿರಿ. ಅಲ್ಲಿ 'ಸ ದೀ' ಎಂದು, ಅಂದರೆ 'ಹೀಗೆನ್ನುವುದುಂಟು' ಎಂದು, ಆರಂಭವಾಗುವ ಟಿಪ್ಪಣಿಯಿದ್ದರೆ ಅದು ಬಳಕೆಯ ಸಂದರ್ಭವನ್ನೇ ತಿಳಿಸುತ್ತದೆ. ಸಂದರ್ಭ ಹೊಂದದಿದ್ದರೆ ಗಾದೆಯನ್ನು ಬಿಟ್ಟು, ಅವರು ರೂಢಿಯಲ್ಲಿ ಬರೆಯುವ 'ತೂ ನೊ ವೊ ದ ಬೊನೋರ್', ಅಂದರೆ 'ಸುಖಕ್ಕಾಗಿ ನಮ್ಮೆಲ್ಲ ಹಾರೈಕೆಗಳು', ಎಂಬ ಸಾಲನ್ನು ಬರೆಯಿರಿ.