ಅಪ್ಪನ ಲೆಕ್ಕದ ಪುಸ್ತಕ ಎಕ್ಸೆಲ್‌ಗೆ: ಮೊದಲು ಚೀಲದ ಜಗಳ ಬಗೆಹರಿಸಿ

"ಅಪ್ಪ ಬರೆದಿಟ್ಟ 11 ವರ್ಷದ ಭತ್ತದ ಲೆಕ್ಕ ಇದೆ. ಬೀಜ, ಗೊಬ್ಬರ, ಇಳುವರಿ ಎಲ್ಲಾ ಚೀಲದಲ್ಲೇ ಇದೆ. ಹಂಗಾಮುವಾರು ಟೇಬಲ್ ಮಾಡೋದು ಹೇಗೆ?"

ಅಣ್ಣ, ನಾನು ಗಂಗಾವತಿ ಕಡೆಯವನು. ಹೋದ ವರ್ಷ ನಮ್ಮ ಮನೆಯ ಪುಸ್ತಕಕ್ಕೆ ಇದೇ ಕೆಲಸ ಮಾಡಿದೆ. ಮೇಲೆ ಒಬ್ಬರು ಚೀಲ ಅಂದ್ರೆ 50 ಕೆಜಿ, ಗುಣಿಸಿಬಿಡಿ ಅಂದಿದ್ದಾರೆ. ಡಿಎಪಿಗೆ ಸರಿ. ಯೂರಿಯಾ ಚೀಲ 2018ರಲ್ಲಿ 50ರಿಂದ 45 ಕೆಜಿಗೆ ಇಳಿಯಿತು. ನಮ್ಮ ಕಡೆ ಭತ್ತದ ಚೀಲ ಅಂದ್ರೆ 75 ಕೆಜಿ. ಒಂದೇ ಪುಟದಲ್ಲಿ ಮೂರು ಚೀಲ ಆಯ್ತಲ್ವಾ! ಅದಕ್ಕೇ ಚೀಲದ ಸಂಖ್ಯೆ ಒಂದು ಕಾಲಂ, ಒಂದು ಚೀಲದ ತೂಕ ಇನ್ನೊಂದು ಕಾಲಂ ಇರಲಿ. ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಬರೆಯೋಕೆ ಮತ್ತೊಂದು ಕಾಲಂ ಬಿಡಿ, ಅದನ್ನು ಮಾತ್ರ ಯಾವತ್ತೂ ತಿದ್ದಬೇಡಿ.

ನಾನು ಜಾಸ್ತಿ ಪೆಟ್ಟು ತಿಂದದ್ದು ಜಮೀನಿನ ಅಳತೆಯಲ್ಲಿ. 2017ರ ಮುಂಗಾರಿಗೆ ಅಪ್ಪ "2.20, 90 ಚೀಲ" ಅಂತ ಬರೆದಿದ್ದರು. ನಾನು ಸುಮ್ನೆ 2.20 ಅಂತ ಟೈಪ್ ಮಾಡಿದೆ, ಎಕ್ಸೆಲ್ ಅದನ್ನು 2.2 ಎಕರೆ ಅಂದುಕೊಂಡಿತು, ಎಕರೆಗೆ 30 ಕ್ವಿಂಟಲ್ ಮೇಲೆ ಬಂತು. ಖುಷಿಯಿಂದ ತೋರಿಸಿದರೆ ಅಪ್ಪ ನಕ್ಕರು. ಅದು 2 ಎಕರೆ 20 ಗುಂಟೆ, ಅಂದ್ರೆ ಎರಡೂವರೆ ಎಕರೆ! ಆಮೇಲೆ ಎಕರೆಯನ್ನು C, ಗುಂಟೆಯನ್ನು D, ಚೀಲವನ್ನು E, ಚೀಲದ ತೂಕವನ್ನು F ಕಾಲಂಗೆ ಹಾಕಿ ಹೀಗೆ ಬರೆದೆ:

```
=E2*F2/(C2+D2/40)/100
```

ಎಕರೆಗೆ 27 ಕ್ವಿಂಟಲ್ ಬಂತು. ಚೀಲ 50 ಕೆಜಿ ಅಂತ ಹಿಡಿದಿದ್ದರೆ 18 ಆಗ್ತಿತ್ತು. ಅಂಥ ಬೆಳೆ ಕೈ ಕೊಟ್ಟ ವರ್ಷ ಅಪ್ಪನಿಗೆ ನೆನಪಿರದೇ ಇರುತ್ತದಾ? ಯಾವುದಾದರೂ ಸಾಲು ಅಕ್ಕಪಕ್ಕದ ವರ್ಷಗಳಿಗಿಂತ ಒಂದೂವರೆ ಪಟ್ಟು ಮೇಲೆ ಅಥವಾ ಕೆಳಗೆ ಹೋದರೆ, ಬೆಳೆಯನ್ನು ಬೈಯುವ ಮೊದಲು ಚೀಲ ನೋಡಿ.

ಹಂಗಾಮನ್ನು ತಾರೀಖು ನೋಡಿ ಹಾಕಬೇಡಿ. ಡಿಸೆಂಬರ್‌ನಲ್ಲಿ ಕೊಂಡ ಯೂರಿಯಾ ಬೇಸಿಗೆ ಭತ್ತದ್ದು, ಅದೇ ವಾರ ತೂಗಿದ ಭತ್ತ ಮುಂಗಾರಿನದು. ನಾಟಿ ಯಾವಾಗ ಅನ್ನೋದನ್ನು ನೋಡಿ "2017 ಮುಂಗಾರು", "2018 ಬೇಸಿಗೆ" ಅಂತ ನೀವೇ ಬರೆಯಿರಿ. 2018ರ ಯೂರಿಯಾಕ್ಕೆ ಹಳೆ ರಸೀದಿ ಸಿಕ್ಕರೆ ತೂಕ ತಿಳಿಯುತ್ತದೆ. ಸಿಗದಿದ್ದರೆ ಆ ಸಾಲಿಗೆ "ಅನುಮಾನ" ಅಂತ ಗುರುತು ಹಾಕಿ, ಸರಾಸರಿಗೆ ಸೇರಿಸಬೇಡಿ.

 

ನನಗೂ ಒಂದು ಬಗೆಹರಿದಿಲ್ಲ. ಅಪ್ಪ "ಮನೆಗೆ 8" ಅಂತ ಬೇರೆ ಬರೆದಿದ್ದಾರೆ. ಅದು 90ರ ಒಳಗೋ ಹೊರಗೋ? ಅಪ್ಪ ಒಳಗೆ ಅಂತಾರೆ, ಅಮ್ಮ ಹೊರಗೆ ಅಂತಾರೆ. ನಿಮ್ಮ ಪುಸ್ತಕದಲ್ಲಿ ಹೇಗೆ ಬರೆದಿದ್ದಾರೆ, ಒಂದು ಪುಟ ಹಾಕ್ತೀರಾ?