ಗಂಟಲಿನಲ್ಲಿ ಸಿಗದ ಮುಳ್ಳು

ಉಡುಪಿಯ ಸಮೀಪದ 58 ವರ್ಷದ ಮಹಿಳೆಯೊಬ್ಬರನ್ನು ಅವರ ಸೊಸೆ, ಮನಸ್ಸಿನ ಸಮಸ್ಯೆಗಳನ್ನು ನೋಡುವ ನನ್ನ ಬಳಿಗೆ ಕರೆತಂದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. "ಅತ್ತೆ ಊಟ ಬಿಟ್ಟಿದ್ದಾರೆ, ಮಾತೂ ಕಡಿಮೆಯಾಗಿದೆ. ಎಲ್ಲಿ ತೋರಿಸಿದರೂ ಏನೂ ಇಲ್ಲ ಅಂತಾರೆ, ಇದು ಮನಸ್ಸಿನದ್ದೇ ಇರಬೇಕು" ಎಂಬುದು ಸೊಸೆಯ ಅಂದಾಜು.

ಮೂರು ತಿಂಗಳ ಹಿಂದೆ ಬಂಗುಡೆ ಸಾರಿನ ಊಟದ ನಡುವೆ ಬಲಗಡೆ ಗಂಟಲಿಗೆ ಚುಚ್ಚಿದಂತಾಗಿತ್ತು. ಕರಾವಳಿಯಲ್ಲಿ ಯಾರಾದರೂ ಮಾಡುವಂತೆ ಅವರೂ ಅನ್ನದ ಉಂಡೆ, ಬಾಳೆಹಣ್ಣು ನುಂಗಿ ಮುಳ್ಳು ಇಳಿಸಲು ನೋಡಿದರು. ಮುಳ್ಳೇನೂ ಇಲ್ಲವೆಂದು ಗಂಟಲಿನ ವೈದ್ಯರು ಹೇಳಿದ ಮೇಲೂ ಚುಚ್ಚುವುದು ನಿಲ್ಲಲಿಲ್ಲ. ನೋವು ದವಡೆಯ ಮೂಲೆಗೂ ಹರಡುತ್ತಿದ್ದುದರಿಂದ ಒಂದು ಹಲ್ಲನ್ನೂ ಕೀಳಿಸಿಕೊಂಡರು, ಅದೂ ವ್ಯರ್ಥವಾಯಿತು.

ಮಾತಿನ ನಡುವೆ ನಾನು ಕೊಟ್ಟ ನೀರನ್ನು ಅವರು ಕುಡಿದ ರೀತಿಯೇ ನನಗೆ ಹೆಚ್ಚು ತಿಳಿಸಿತು. ತಲೆಯನ್ನು ಎಡಕ್ಕೆ ವಾಲಿಸಿ, ಬಲಗಿವಿಯ ಕೆಳಗೆ ಅಂಗೈ ಒತ್ತಿ ಹಿಡಿದು, ಚಮಚದಷ್ಟು ನೀರನ್ನು ಬಾಯಲ್ಲಿ ಬೆಚ್ಚಗಾಗುವವರೆಗೆ ಇಟ್ಟುಕೊಂಡು, ಆಮೇಲೆ ಕಣ್ಣು ಮುಚ್ಚಿ ನುಂಗಿದರು. "ಆಕಳಿಕೆ ಬಂದರೆ ಇನ್ನೂ ಹೆದರಿಕೆ ಮೇಡಂ, ಹಲ್ಲು ಕಚ್ಚಿ ತಡೆಯುತ್ತೇನೆ" ಎಂದರು.

ಆತಂಕದಿಂದ ಗಂಟಲಿನಲ್ಲಿ ಉಂಡೆ ಸಿಕ್ಕಿಕೊಂಡಂತಾಗುವವರು ನನ್ನ ಬಳಿ ಆಗಾಗ ಬರುತ್ತಾರೆ. ಅವರಿಗೆ ಸಾಮಾನ್ಯವಾಗಿ ನೋವಿರುವುದಿಲ್ಲ, ಊಟ ಮಾಡುವಾಗ ಆ ಉಂಡೆ ಕರಗಿದಂತೆಯೂ ಆಗುತ್ತದೆ. ಇವರದು ಅದಕ್ಕೆ ತದ್ವಿರುದ್ಧ. ನೋವು ಒಂದೇ ಬದಿಯಲ್ಲಿ, ನಾಲಿಗೆಯ ಬುಡದಿಂದ ಕಿವಿಯ ಒಳಗಿನವರೆಗೆ ಕರೆಂಟು ಹೊಡೆದಂತೆ ಬರುತ್ತಿತ್ತು, ಇಪ್ಪತ್ತು ಎಣಿಸುವಷ್ಟರಲ್ಲಿ ಹೋಗುತ್ತಿತ್ತು. ತಣ್ಣನೆಯ ಪುನರ್ಪುಳಿ ಶರಬತ್ತು, ಕೆಮ್ಮು, ಆಕಳಿಕೆ ಅದನ್ನು ಕೆರಳಿಸುತ್ತಿದ್ದವು. ಎರಡು ಸೆಳೆತಗಳ ನಡುವೆ ಗಂಟಲು ಪೂರ್ತಿ ಸರಿಯಿರುತ್ತಿತ್ತು. ಊಟ ಬಿಟ್ಟದ್ದು ಮನಸ್ಸು ಕೆಟ್ಟದ್ದರಿಂದಲ್ಲ, ನುಂಗುವ ಭಯದಿಂದ.

ಹೊರಡುವ ಹೊತ್ತಿಗೆ ಸೊಸೆ, ಊಟದ ನಡುವೆ ಅತ್ತೆ ಎರಡು ಬಾರಿ ತಲೆಸುತ್ತಿ ಬಿದ್ದದ್ದನ್ನು ಹೇಳಿದರು. ನಿಶ್ಶಕ್ತಿಯೆಂದು ಮನೆಯವರು ಸುಮ್ಮನಾಗಿದ್ದರು. ಅದನ್ನು ಕೇಳಿದ ಮೇಲೆ ನಾನು ಕಾಯುವ ಮಾತೇ ಆಡಲಿಲ್ಲ. ನನ್ನ ಅನುಮಾನ ಒಂದು ನರದ ಮೇಲಿತ್ತು. ಮಿದುಳಿನಿಂದ ಹೊರಡುವ 12 ಜೋಡಿ ನರಗಳಲ್ಲಿ 9ನೆಯದಾದ ಗ್ಲಾಸೋಫ್ಯಾರಿಂಜಿಯಲ್ ನರವು ಗಂಟಲಿನ ಸ್ಪರ್ಶವನ್ನು ಮಾತ್ರವಲ್ಲ, ಕುತ್ತಿಗೆಯ ರಕ್ತನಾಳದಲ್ಲಿನ ಒತ್ತಡದ ಸುದ್ದಿಯನ್ನೂ ಮಿದುಳಿಗೆ ಒಯ್ಯುತ್ತದೆ. ಆದ್ದರಿಂದ ಈ ನರದ ನೋವು ಕೆರಳಿದಾಗ ಅಪರೂಪಕ್ಕೆ ಹೃದಯದ ಬಡಿತ ತೀರಾ ನಿಧಾನವಾಗಿ, ಕೆಲವು ಕ್ಷಣ ನಿಂತೂ ಹೋಗಬಹುದು.

ನಾನು ಕೊಟ್ಟ ಸಲಹೆ ಇಷ್ಟು: ಅಂದೇ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ, ನರರೋಗ ತಜ್ಞರನ್ನು ಕಾಣಬೇಕು; ಅಲ್ಲಿಯವರೆಗೆ ಒಬ್ಬರೇ ಕುಳಿತು ಉಣ್ಣಬಾರದು, ಉಗುರುಬೆಚ್ಚಗಿನ ಗಂಜಿಯನ್ನೇ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳಬೇಕು; ಮತ್ತೆ ಪ್ರಜ್ಞೆ ತಪ್ಪಿದರೆ ತುರ್ತು ವಿಭಾಗಕ್ಕೇ ಹೋಗಬೇಕು. ವೈದ್ಯರಿಗೆ ತೋರಿಸಲು ನೋವಿನ ಜಾಗ, ಅವಧಿ, ಕೆರಳಿಸುವ ಸಂಗತಿ, ಬಿದ್ದ ದಿನಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ.

ಗ್ಲಾಸೋಫ್ಯಾರಿಂಜಿಯಲ್ ನ್ಯೂರಾಲ್ಜಿಯಾ ಎಂಬ ಈ ನರದ ಕಾಯಿಲೆಯನ್ನು ಮುಖ್ಯವಾಗಿ ರೋಗಿಯ ಮಾತಿನಿಂದಲೇ ಗುರುತಿಸಬೇಕಾಗುತ್ತದೆ. ಆಸ್ಪತ್ರೆಯಲ್ಲಿ ಟಾನ್ಸಿಲ್‌ನ ಜಾಗಕ್ಕೆ ಮರಗಟ್ಟಿಸುವ ಔಷಧಿ ಸಿಂಪಡಿಸಿದಾಗ ಅವರು ಬಹಳ ದಿನಗಳ ನಂತರ ನೋವಿಲ್ಲದೆ ಒಂದು ಲೋಟ ನೀರು ಕುಡಿದರಂತೆ. ಅದು ರೋಗನಿರ್ಣಯಕ್ಕೆ ದೊಡ್ಡ ಆಧಾರವಾಯಿತು. ಆದರೂ ಟಾನ್ಸಿಲ್ ಅಥವಾ ನಾಲಿಗೆ ಬುಡದ ಗಡ್ಡೆ, ಕಿವಿಯ ಕೆಳಗಿನ ಸ್ಟೈಲಾಯ್ಡ್ ಎಲುಬಿನ ಅತಿ ಉದ್ದ, ಇವು ಕೂಡ ಇದೇ ನೋವು ತರಬಲ್ಲವು. ಹಾಗಾಗಿ ದುರ್ಬೀನು ಪರೀಕ್ಷೆ ಮತ್ತು ಸ್ಕ್ಯಾನ್‌ಗಳನ್ನು ಬಿಡುವಂತಿಲ್ಲ. ಇವರ ಎಂಆರ್‌ಐಯಲ್ಲಿ ನರ ಹೊರಡುವ ಜಾಗದಲ್ಲೇ ಒಂದು ರಕ್ತನಾಳ ತಾಗಿಕೊಂಡದ್ದು ಕಂಡಿತು.

ಪ್ಯಾರಾಸಿಟಮಾಲ್ ಇಂಥ ನೋವಿಗೆ ಅಷ್ಟಾಗಿ ನಾಟುವುದಿಲ್ಲ. ಮೊದಲು ಕೊಡುವ ಮಾತ್ರೆ ಸಾಮಾನ್ಯವಾಗಿ ಕಾರ್ಬಮಜೆಪಿನ್. ಅದು ಹೃದಯದ ವಿದ್ಯುತ್ ಹಾದಿಯ ತಡೆಯನ್ನು ಹೆಚ್ಚಿಸಬಲ್ಲದಾದ್ದರಿಂದ, ಹೃದ್ರೋಗ ತಜ್ಞರು ಹೃದಯ ಬಡಿತದ 24 ಗಂಟೆಗಳ ದಾಖಲೆ ನೋಡಿ ಒಪ್ಪಿದ ಮೇಲೆಯೇ 100 ಮಿಲಿಗ್ರಾಂ ದಿನಕ್ಕೆರಡು ಬಾರಿ ಆರಂಭಿಸಿ, ನಿಧಾನವಾಗಿ ಹೆಚ್ಚಿಸಿದರು. ಮೈಮೇಲೆ ಗಂಧೆ ಎದ್ದರೆ, ಬಾಯಿ ಹುಣ್ಣಾದರೆ ಅಥವಾ ಜ್ವರ ಬಂದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು, ರಕ್ತದ ಸೋಡಿಯಂ ನೋಡಿಸುತ್ತಿರಬೇಕು ಎಂಬುದನ್ನು ಸೊಸೆಗೆ ಎರಡೆರಡು ಬಾರಿ ಹೇಳಿದೆ. ಮಾತ್ರೆ ಸಾಲದಿದ್ದರೆ ರಕ್ತನಾಳವನ್ನು ನರದಿಂದ ಬೇರ್ಪಡಿಸುವ ಶಸ್ತ್ರಚಿಕಿತ್ಸೆಯಿದೆ. ಧ್ವನಿ ಒಡೆಯುವ, ನುಂಗಲು ಕಷ್ಟವಾಗುವ ಅಪಾಯ ಅದರಲ್ಲಿರುವುದರಿಂದ ಅವರು ಸದ್ಯಕ್ಕೆ ಬೇಡವೆಂದಿದ್ದಾರೆ.

ಎರಡು ವಾರಗಳಲ್ಲಿ ನೋವು ಬಹುತೇಕ ನಿಂತಿತು, ಭಯ ನಿಲ್ಲಲಿಲ್ಲ. ನನ್ನ ನಿಜವಾದ ಕೆಲಸ ಆರಂಭವಾದದ್ದು ಆಗಲೇ. ಬೆಚ್ಚಗಿನ ನೀರಿನಿಂದ ತೊಡಗಿ ವಾರಕ್ಕೊಂದು ಹೆಜ್ಜೆ ಮುಂದಿಟ್ಟು ಈಗ ಮಜ್ಜಿಗೆಯವರೆಗೆ ಬಂದಿದ್ದಾರೆ. ಕುಡಿಯುವಾಗ ಅಂಗೈ ಇನ್ನೂ ಬಲಗಿವಿಯ ಕೆಳಗೇ ಇರುತ್ತದೆ.