ನೋಟಿಸ್ ಮುಗಿಸಿದ ಮೇಲೂ ಸೆಟಲ್‌ಮೆಂಟ್ ಬಂದಿಲ್ಲ, ಪತ್ರ ಹೇಗೆ ಬರೆಯಲಿ?

"ಕಾರವಾರದ ಹೋಟೆಲೊಂದರಲ್ಲಿ ಆರು ವರ್ಷ ಫ್ರಂಟ್ ಆಫೀಸ್‌ನಲ್ಲಿದ್ದೆ. ಒಂದು ತಿಂಗಳ ನೋಟಿಸ್ ಪೂರ್ತಿ ಮುಗಿಸಿಯೇ ಬಿಟ್ಟೆ. ಎರಡು ತಿಂಗಳಾಯಿತು, ಕೇಳಿದಾಗಲೆಲ್ಲ ಪ್ರೋಸೆಸ್‌ನಲ್ಲಿದೆ ಅಂತಾರೆ. ಏನು ಬರೆಯಲಿ?"

ನಾನು ಶಿರಸಿಯಲ್ಲಿ ಸಂಬಳದ ಲೆಕ್ಕ ಬರೆಯುವವನು. ನನ್ನ ಟೇಬಲ್‌ಗೆ ಇಂಥ ಪತ್ರಗಳು ಬರುತ್ತಿರುತ್ತವೆ. "ನನ್ನ ಬಾಕಿ ದಯವಿಟ್ಟು ಬೇಗ ಕೊಡಿ" ಅಂತ ಮಾತ್ರ ಇದ್ದರೆ ಅದು ಫೈಲ್ ಸೇರುತ್ತದೆ, ಅಷ್ಟೇ. ಯಾವುದಕ್ಕೆ ಎಷ್ಟು ಬರಬೇಕು ಅಂತ ನೀವೇ ಲೆಕ್ಕ ಹಾಕಿ ಬರೆದರೆ, ಅವರು ಒಪ್ಪಬೇಕು, ಇಲ್ಲ ತಪ್ಪೆಲ್ಲಿದೆ ಅಂತ ತೋರಿಸಬೇಕು.

ಉದಾಹರಣೆಗೆ ನಿಮ್ಮ ಒಟ್ಟು ಸಂಬಳ 22,000, ಅದರಲ್ಲಿ ಬೇಸಿಕ್ 15,600, ಉಳಿದ ಗಳಿಕೆ ರಜೆ 18 ದಿನ ಅಂದುಕೊಳ್ಳಿ. ಕೊನೆಯ ತಿಂಗಳ ಸಂಬಳ 22,000. ರಜೆಗೆ ದಿನಕ್ಕೆ 600ರಂತೆ (15,600 ಭಾಗಿಸು 26) 10,800. ಕೆಲವು ಕಡೆ 30ರಿಂದ ಭಾಗಿಸುತ್ತಾರೆ, ಆಗ ಕಡಿಮೆಯಾಗುತ್ತದೆ. ನೇಮಕಾತಿ ಪತ್ರ ತೆಗೆದು ನೋಡಿ. ಐದು ವರ್ಷ ದಾಟಿರುವುದರಿಂದ ಗ್ರಾಚ್ಯುಟಿಯೂ ಇದೆ. ವರ್ಷಕ್ಕೆ 15 ದಿನದ ಬೇಸಿಕ್, ಅಂದರೆ 9,000. ಆರು ವರ್ಷಕ್ಕೆ 54,000. ಒಟ್ಟು 86,800. ಡಿ.ಎ. ಇದ್ದರೆ ಗ್ರಾಚ್ಯುಟಿ ಲೆಕ್ಕಕ್ಕೆ ಅದನ್ನೂ ಸೇರಿಸಿಕೊಳ್ಳಿ. ಪಿ.ಎಫ್. ಇದರಲ್ಲಿ ಬೇಡ, ಅದರ ದಾರಿ ಬೇರೆ.

ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ, ಒಂದೇ ಮೊತ್ತ ಮಾಡಬೇಡಿ. ಯಾಕಂದ್ರೆ ಗಡುವು ಒಂದೇ ಅಲ್ಲ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ರಾಜೀನಾಮೆ ಕೊಟ್ಟವರ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಅಂತ ಅದು ಹೇಳುತ್ತದೆ. ಗ್ರಾಚ್ಯುಟಿಗೆ 30 ದಿನ, ತಡವಾದರೆ ಬಡ್ಡಿಯೂ ಸೇರುತ್ತದೆ. ರಜೆ ಹಣದ ಲೆಕ್ಕ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆಯಾಗಬಹುದು. ರಜೆಯ ಬಗ್ಗೆ ತಕರಾರು ಎದ್ದರೂ ಅದನ್ನೇ ನೆಪ ಮಾಡಿ ಸಂಬಳ ಹಿಡಿದಿಟ್ಟುಕೊಳ್ಳಲು ಬಿಡಬೇಡಿ.

ಪತ್ರದ ಮೊದಲ ಪ್ಯಾರಾ ಹೀಗಿರಲಿ: "ನಾನು ಇಂಥ ದಿನ ರಾಜೀನಾಮೆ ಕೊಟ್ಟು, ನೋಟಿಸ್ ಅವಧಿ ಪೂರ್ತಿ ಮುಗಿಸಿ, ಇಂಥ ದಿನ ಕೆಲಸದಿಂದ ಬಿಡುಗಡೆಯಾದೆ. ಕ್ಯಾಶ್, ಕೀಲಿ, ರಿಜಿಸ್ಟರ್ ಒಪ್ಪಿಸಿದ್ದೇನೆ. ಕೆಳಗಿನ ಬಾಕಿಯನ್ನು ಏಳು ದಿನದೊಳಗೆ ನನ್ನ ಖಾತೆಗೆ ಜಮಾ ಮಾಡಿ. ಕಡಿತವಿದ್ದರೆ ಕಾರಣ ಸಮೇತ ಲಿಖಿತವಾಗಿ ತಿಳಿಸಿ." ಹ್ಯಾಂಡೋವರ್ ಮಾಡಿದ್ದಕ್ಕೆ ಸಹಿ ಇರುವ ಹಾಳೆಯಿದ್ದರೆ ಅದರ ನಕಲು ಲಗತ್ತಿಸಿ. ಹಣ ತಡೆಯುವವರು ಮೊದಲು ಹೇಳುವುದೇ "ನೀವು ಚಾರ್ಜ್ ಕೊಟ್ಟಿಲ್ಲ" ಅಂತ. ರಾಜೀನಾಮೆ ಒಪ್ಪಿದ ಮೇಲ್, ಕೊನೆಯ ಸಂಬಳದ ಸ್ಲಿಪ್ ಕೂಡ ಇರಲಿ.

ಮೇಲ್ ಮಾಡಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ರಶೀದಿ ಕಳೆಯಬೇಡಿ. ಏಳು ದಿನ ಕಳೆದರೂ ಉತ್ತರವಿಲ್ಲದಿದ್ದರೆ ಇದೇ ಪತ್ರ, ರಶೀದಿ ಹಿಡಿದು ಕಾರವಾರದಲ್ಲೇ ಕಾರ್ಮಿಕ ಇಲಾಖೆಗೆ ದೂರು ಕೊಡಿ.

ಇನ್ನೊಂದು ಮಾತು. "ಪೂರ್ತಿ ಹಣ ಬಂದಿದೆ, ಬೇರೆ ಬಾಕಿ ಇಲ್ಲ" ಅಂತ ಮೊದಲೇ ಸಹಿ ಕೇಳಿದರೆ ಹಾಕಬೇಡಿ. ಹಣ ಖಾತೆಗೆ ಬಂದ ಮೇಲೆ, ಬಂದಷ್ಟೇ ಮೊತ್ತ ಬರೆದು ಸಹಿ ಮಾಡಿ.